ಫ್ಲಾಟ್ ಬಾಡಿಗೆಗೆ ಬೋರ್ಡ್: ಕೊನೆಗೆ ಕೆಲಸ ಮಾಡಿದ್ದು ಇದು

ಮೈಸೂರಿನ ನಮ್ಮ ಎರಡನೇ ಮಹಡಿಯ ಫ್ಲಾಟಿಗೆ ಬೋರ್ಡ್ ಹಾಕಿ ಆರು ವಾರವಾದರೂ ಫೋನ್ ಮಾಡುತ್ತಿದ್ದವರು ಬ್ರೋಕರ್‌ಗಳು ಮಾತ್ರ.

ಮೊದಲು ಎ4 ಹಾಳೆಯಲ್ಲಿ ಎಲ್ಲ ವಿವರ ಬರೆದು ಬಾಲ್ಕನಿ ಗ್ರಿಲ್‌ಗೆ ಕಟ್ಟಿದ್ದೆ. ಕೆಳಗಿನಿಂದ ಒಂದಕ್ಷರವೂ ಕಾಣುತ್ತಿರಲಿಲ್ಲ. ಆಮೇಲೆ ಫೋಟೋ ಹಾಕಿ ಫ್ಲೆಕ್ಸ್ ಮಾಡಿಸಿದೆ. ಅದೂ ಸುಮ್ನೆ ದುಡ್ಡು ದಂಡ.

ಕೊನೆಗೆ ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ಹಳದಿ ಬೋರ್ಡಿಗೆ ಕಪ್ಪು ಅಕ್ಷರದಲ್ಲಿ ಮೂರೇ ಸಾಲು ಬರೆಸಿದೆ:

ಮನೆ ಬಾಡಿಗೆಗೆ ಇದೆ
2 ಬಿಎಚ್‌ಕೆ, 2ನೇ ಮಹಡಿ, ಲಿಫ್ಟ್ ಇದೆ
ಫೋನ್ ನಂಬರ್

ನಂಬರ್ ಎರಡು ಇಂಚು ಎತ್ತರ, ಐದೈದು ಅಂಕಿಯ ನಡುವೆ ಜಾಗ. ಗೋಡೆಗೆ ಒರಗಿಸಿದರೆ ಸ್ಕೂಟರಿನಲ್ಲಿ ಬರುವವರಿಗೆ ಕಾಣುವುದು ದಾಟಿದ ಮೇಲೆಯೇ, ಅಲ್ವಾ? ಅದಕ್ಕೇ ಸಂಘಕ್ಕೆ ಹೇಳಿ, ಗೇಟಿನ ಒಳಗಡೆ ಕಂಬಕ್ಕೆ, ನೆಲದಿಂದ ಐದಡಿ ಮೇಲೆ, ರಸ್ತೆಗೆ ಅಡ್ಡಲಾಗಿ ಕಟ್ಟಿದೆ. ಎರಡೂ ಬದಿಯಲ್ಲಿ ಅದೇ ಬರಹ.

ಬಾಡಿಗೆ, ಅಡ್ವಾನ್ಸ್, ಮೇಂಟೆನೆನ್ಸ್, ನೀರು ಯಾವುದು, ಪಾರ್ಕಿಂಗ್ ಎಷ್ಟು ಅನ್ನುವುದೆಲ್ಲ ಕರಪತ್ರಕ್ಕೆ ಹೋಯಿತು. ಕೆಳತುದಿಯಲ್ಲಿ ನಂಬರಿನ ಚೀಟಿಗಳನ್ನು ಕತ್ತರಿಸಿ ಬಿಟ್ಟು, ಕೇಳಿಕೊಂಡು ಹಾಲಿನ ಬೂತ್, ದಿನಸಿ ಅಂಗಡಿಯಲ್ಲಿ ಅಂಟಿಸಿದೆ.

ಫ್ಲಾಟ್ ನಂಬರ್, ನನ್ನ ಹೆಸರು, ಮನೆ ಖಾಲಿ ಇದೆ ಅನ್ನುವುದು, ಕೀ ಯಾರ ಹತ್ತಿರ ಅನ್ನುವುದು ಎರಡರಲ್ಲೂ ಬೇಡ. ಕಳ್ಳರಿಗೆ ಅಷ್ಟೇ ಸಾಕು. ಒಂಬತ್ತನೇ ದಿನ ಅಡ್ವಾನ್ಸ್ ಬಂತು. ಅವತ್ತೇ ಬೋರ್ಡ್ ಬಿಚ್ಚಿ, ಕರಪತ್ರ ಕಿತ್ತೆ.