ಕಾಯಿಲ್ ಚೆನ್ನಾಗಿತ್ತು, ಕ್ಯೂ ಕಳೆದದ್ದು ಜನರೇಟರ್‌ನಲ್ಲಿ

100 ಮೈಕ್ರೋಹೆನ್ರಿ ಕಾಯಿಲ್‌ಗೆ ಸರಣಿಯಲ್ಲಿ ಒಂದು ವೇರಿಯಬಲ್ ಕೆಪಾಸಿಟರ್ ಸೇರಿಸಿ, 1 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿದ್ದೆ. ಅಲ್ಲಿಗೆ ಬೇಕಾದದ್ದು ಪ್ರೋಬ್‌ನದ್ದೂ ಸೇರಿ ಸುಮಾರು 253 ಪಿಕೋಫ್ಯಾರಡ್. ಈ ಕಾಯಿಲ್‌ನ ಕ್ಯೂ, ಅಂದರೆ ಅನುರಣನ ಎಷ್ಟು ಚೂಪು ಎಂಬುದರ ಅಳತೆ, ಕ್ಯೂ ಮೀಟರ್‌ನಲ್ಲಿ 100ರ ಆಸುಪಾಸು ಬಂದಿತ್ತು. ಆವರ್ತನವನ್ನು ಕ್ಯೂನಿಂದ ಭಾಗಿಸಿದರೆ ಬ್ಯಾಂಡ್‌ವಿಡ್ತ್ 10 ಕಿಲೋಹರ್ಟ್ಸ್ ಇರಬೇಕು. ಆದರೆ ಸಿಗ್ನಲ್ ಜನರೇಟರ್‌ನ ಆವರ್ತನವನ್ನು ಎರಡೂ ಕಡೆಗೆ ಸರಿಸುತ್ತ, ಕೆಪಾಸಿಟರ್ ಮೇಲಿನ ವೋಲ್ಟೇಜ್ ಶಿಖರದ 0.707ಕ್ಕೆ ಇಳಿಯುವ ಜಾಗ ಗುರುತು ಹಾಕಿಕೊಂಡಾಗ ಅಂತರ ಬಂದದ್ದು ಸುಮಾರು 90 ಕಿಲೋಹರ್ಟ್ಸ್. ಕ್ಯೂ ಬರೀ 11!

ತಂತಿಯದ್ದೇ ತಪ್ಪು ಅಂದುಕೊಂಡು ದಪ್ಪ ತಂತಿಯಲ್ಲಿ ಮತ್ತೆ ಸುತ್ತಿದೆ. ಫಲಿತಾಂಶ ಹೆಚ್ಚುಕಡಿಮೆ ಅದೇ. ಆಮೇಲೆ ಹಳೆಯ ಕಾಯಿಲನ್ನೇ ಹಾಕಿ, ಸ್ಕೋಪಿನ ಎರಡನೇ ಪ್ರೋಬನ್ನು ಜನರೇಟರ್‌ನ ತುದಿಗೇ ಹಿಡಿದೆ. ಅನುರಣನದಿಂದ ದೂರ ಇರುವಾಗ ಅಲ್ಲಿ 2 ವೋಲ್ಟ್ ಇತ್ತು. 1 ಮೆಗಾಹರ್ಟ್ಸ್ ಹತ್ತಿರ ಬರುತ್ತಿದ್ದಂತೆ ಕುಸಿಯುತ್ತ 0.22 ವೋಲ್ಟಿಗೆ ಬಂದು ನಿಂತಿತು. ಅಲ್ಲಿಗೆ ಕಾರಣ ಕಣ್ಣೆದುರೇ ಇತ್ತು. ಅನುರಣನದಲ್ಲಿ ಕಾಯಿಲ್ ಮತ್ತು ಕೆಪಾಸಿಟರ್‌ಗಳ ರಿಯಾಕ್ಟೆನ್ಸ್ ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿಯುವುದು ಕಾಯಿಲ್‌ನ 6.3 ಓಮ್ ರೋಧ ಮಾತ್ರ, ಅದರ ಜೊತೆಗೆ ಜನರೇಟರ್ ಒಳಗಿನ 50 ಓಮ್. 628 ಓಮ್ ರಿಯಾಕ್ಟೆನ್ಸನ್ನು 56.3ರಿಂದ ಭಾಗಿಸಿದರೆ 11. ನಾನು ಅಳೆದದ್ದು ಕಾಯಿಲನ್ನಲ್ಲ, ಜನರೇಟರ್ ಸೇರಿದ ಇಡೀ ಸರ್ಕ್ಯೂಟನ್ನು.

ಪರಿಹಾರ ಸುಲಭ. ಜನರೇಟರ್‌ನ ತುದಿಗಳ ನಡುವೆ 1 ಓಮ್ ರೆಸಿಸ್ಟರ್ ಬೆಸುಗೆ ಹಾಕಿ, ಅಲ್ಲಿಂದ ಸರ್ಕ್ಯೂಟಿಗೆ ಸಿಗ್ನಲ್ ಕೊಟ್ಟೆ. ಸಿಗ್ನಲ್ ಐವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ ನಿಜ, ಆದರೆ ಸರ್ಕ್ಯೂಟಿಗೆ ಕಾಣುವ ಮೂಲರೋಧ 1 ಓಮ್‌ಗೂ ತುಸು ಕಡಿಮೆ. ಈಗ ಬ್ಯಾಂಡ್‌ವಿಡ್ತ್ 11.6 ಕಿಲೋಹರ್ಟ್ಸ್, ಕ್ಯೂ 86. ಒಟ್ಟು ರೋಧದಿಂದ ಆ 1 ಓಮ್ ಕಳೆದು ಲೆಕ್ಕ ಹಾಕಿದಾಗ ಕಾಯಿಲ್‌ನ 100 ಮರಳಿ ಸಿಕ್ಕಿತು.

ಅದೇ ಎರಡು ಬಿಡಿಭಾಗಗಳನ್ನು ಸಮಾಂತರವಾಗಿ ಜೋಡಿಸಿದರೆ ಎಲ್ಲವೂ ತಲೆಕೆಳಗು. ಆಗ ಅನುರಣನದಲ್ಲಿ ಸರ್ಕ್ಯೂಟ್ ಸುಮಾರು 63 ಕಿಲೋಓಮ್‌ನಂತೆ ವರ್ತಿಸುತ್ತದೆ (ರಿಯಾಕ್ಟೆನ್ಸಿನ ಕ್ಯೂ ಪಟ್ಟು). ಇಲ್ಲಿ ಮೂಲರೋಧ ಚಿಕ್ಕದಾದಷ್ಟೂ ಕೆಡುಕು; 50 ಓಮ್ ನೇರವಾಗಿ ಹಚ್ಚಿದರೆ ಶಿಖರವೇ ಕಾಣದು. ಹಾಗಾಗಿ 1 ಮೆಗಾಓಮ್ ರೆಸಿಸ್ಟರ್ ಮೂಲಕ ಸಿಗ್ನಲ್ ಕೊಟ್ಟೆ. ಬ್ಯಾಂಡ್‌ವಿಡ್ತ್ 10.7 ಕಿಲೋಹರ್ಟ್ಸ್ ಬಂತು.

ಪ್ರೋಬನ್ನು ಮಾತ್ರ 10× ಸ್ಥಾನದಲ್ಲೇ ಇಡಿ. ನಾನೊಮ್ಮೆ ಗಮನಿಸದೆ 1×ನಲ್ಲಿ ಬಿಟ್ಟಿದ್ದೆ. ಅದರ ಕೇಬಲ್‌ನ ನೂರರಷ್ಟು ಪಿಕೋಫ್ಯಾರಡ್ ಸೇರಿಕೊಂಡು ಶಿಖರ 1 ಮೆಗಾಹರ್ಟ್ಸ್‌ನಿಂದ 860 ಕಿಲೋಹರ್ಟ್ಸ್ ಹತ್ತಿರಕ್ಕೆ ಜಾರಿತ್ತು.