ಹೊಸಬರಿಗೆ ಮಾರ್ಗದರ್ಶಿ: ಹಳೆಯ ಮನೆ, ಪವರ್‌ಲೈನ್ ಅಡಾಪ್ಟರ್ ಮತ್ತು ನಿಧಾನವಾಗುವ ಇಂಟರ್‌ನೆಟ್

ವರ್ಗವಾಗಿ ಬೆಳಗಾವಿಗೆ ಬಂದವರಿಗೆ ಶಹಾಪುರದಲ್ಲಿಯೋ ಟಿಳಕವಾಡಿಯಲ್ಲಿಯೋ ಹಳೆಯ ಮನೆ ಸಿಕ್ಕರೆ ಅದು ಭಾಗ್ಯವೇ. ದಪ್ಪ ಗೋಡೆಯ ಮನೆ ಬೇಸಿಗೆಯಲ್ಲಿ ತಂಪಾಗಿರುತ್ತದೆ. ಆದರೆ ಪಡಸಾಲೆಯ ರೌಟರ್‌ನ ವೈಫೈ ಅದೇ ಗೋಡೆಯನ್ನು ದಾಟಿ ಹಿಂದಿನ ಕೋಣೆಗೆ ಮುಟ್ಟುವುದಿಲ್ಲ. ಆಗ ಹೆಚ್ಚಿನವರು ಒಂದು ಜೋಡಿ ಪವರ್‌ಲೈನ್ ಅಡಾಪ್ಟರ್ ತಂದು, ಕರೆಂಟಿನ ತಂತಿಯ ಮೇಲೆಯೇ ಇಂಟರ್‌ನೆಟ್ ಕಳುಹಿಸಲು ನೋಡುತ್ತಾರೆ. ನಾನೂ ತಂದೆ. ಮೂರು ವಾರ ಅಡಾಪ್ಟರನ್ನೇ ದೂರಿದೆ. ತಪ್ಪು ಅಡಾಪ್ಟರಿನದಲ್ಲ, ಮನೆಯ ವೈರಿಂಗಿನದು.

ಮೊದಲು ಅಳೆಯಿರಿ

ಪೆಟ್ಟಿಗೆಯ ಮೇಲೆ ಬರೆದ 600 ಎಂಬಿಪಿಎಸ್ ನಿಮ್ಮ ಕೈಗೆ ಸಿಗುವ ವೇಗವಲ್ಲ. ಎರಡೂ ಅಡಾಪ್ಟರ್‌ಗಳನ್ನು ಒಂದೇ ಕೋಣೆಯ ಎರಡು ಗೋಡೆ ಸಾಕೆಟ್‌ಗಳಿಗೆ ಹಾಕಿ ಬರುವ ವೇಗವನ್ನು ಬರೆದಿಟ್ಟುಕೊಳ್ಳಿ. ಅಲ್ಲಿಗಿಂತ ಹಿಂದಿನ ಕೋಣೆಯಲ್ಲಿ ಎಷ್ಟು ಇಳಿಯುತ್ತದೆಯೋ ಅಷ್ಟು ತಂತಿಯ ದಾರಿಯಲ್ಲಿ ಹೋಯಿತು ಎಂದು ತಿಳಿಯಿರಿ. ನಮ್ಮಲ್ಲಿ ಒಂದೇ ಕೋಣೆಯಲ್ಲಿ 90 ಎಂಬಿಪಿಎಸ್ ಇದ್ದದ್ದು ಹಿಂದೆ 11ಕ್ಕೆ ಇಳಿದಿತ್ತು.

ಎಕ್ಸ್‌ಟೆನ್ಶನ್ ಬೋರ್ಡು ಬೇಡ

ಇದನ್ನು ಎಷ್ಟು ಹೇಳಿದರೂ ಕೇಳದವರಿದ್ದಾರೆ. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡಿದರೆ, ಅಡಾಪ್ಟರಿನ ಸಂಕೇತ ಅದೇ ತಂತಿಯಲ್ಲಿ 20 ಲಕ್ಷಕ್ಕೂ ಹೆಚ್ಚು ಸಲ ಹೊಯ್ದಾಡುತ್ತದೆ. ಸರ್ಜ್ ತಡೆಯುವ ಬೋರ್ಡು ಇಂಥ ವೇಗದ ಏರಿಳಿತವನ್ನು ನುಂಗಿಹಾಕುತ್ತದೆ. ಪಕ್ಕದಲ್ಲಿ ಚುಚ್ಚಿದ ಮೊಬೈಲ್ ಚಾರ್ಜರ್ ಎರಡು ಕಡೆಯಿಂದ ಹಾನಿ ಮಾಡುತ್ತದೆ: ಸಂಕೇತವನ್ನು ಕೆಡಿಸುವ ವಿದ್ಯುತ್ ಗದ್ದಲವನ್ನು ತಂತಿಗೆ ಬಿಡುತ್ತದೆ, ಅದರೊಳಗಿನ ಕೆಪಾಸಿಟರ್ ಸಂಕೇತವನ್ನು ಹೀರುತ್ತದೆ. ಅಗ್ಗದ ಎಲ್‌ಇಡಿ ಬಲ್ಬಿನದೂ ಅದೇ ಕಥೆ. ಅಡಾಪ್ಟರನ್ನು ನೇರವಾಗಿ ಗೋಡೆಗೆ ಹಾಕಿದೆ, 34 ಬಂತು. ಮುಂಭಾಗದಲ್ಲಿಯೇ ಸಾಕೆಟ್ ಇರುವ ಅಡಾಪ್ಟರ್ ಕೊಂಡು ಬೋರ್ಡನ್ನು ಅದಕ್ಕೇ ಸಿಕ್ಕಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಅದರೊಳಗಿನ ಫಿಲ್ಟರ್ ಗದ್ದಲವನ್ನು ಅಲ್ಲಿಯೇ ತಡೆಯುತ್ತದೆ.

ಮಿಕ್ಸರ್ ತಿರುಗಿದಾಗ

ಬೆಳಿಗ್ಗೆ ಅತ್ತೆಯವರು ಶೇಂಗಾ ಚಟ್ನಿಗೆ ಮಿಕ್ಸರ್ ಹಾಕುವುದಕ್ಕೂ ಮಗಳ ಆನ್‌ಲೈನ್ ತರಗತಿ ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಮಿಕ್ಸರ್ ಮೋಟಾರಿನ ಬ್ರಷ್‌ಗಳು ಕಿಡಿ ಹಾರಿಸುತ್ತವೆ, ಕಿಡಿ ಎಂದರೆ ತಂತಿಯಲ್ಲಿ ಗದ್ದಲ. ಯಾವ ಉಪಕರಣ ಎಂದು ಹಿಡಿಯಲು ಹಿಂದಿನ ಕೋಣೆಯ ವಿಂಡೋಸ್ ಕಂಪ್ಯೂಟರನ್ನು ಅಡಾಪ್ಟರಿಗೆ ಕೇಬಲ್‌ನಿಂದ ಜೋಡಿಸಿ ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಓಡಿಸಿ (ವಿಳಾಸ ರೌಟರಿನ ತಳದಲ್ಲಿ ಬರೆದಿರುತ್ತದೆ):

```
ping -t 192.168.1.1
```

ಉಪಕರಣಗಳನ್ನು ಒಂದೊಂದಾಗಿ ಹಚ್ಚಿ, ಆರಿಸಿ. ನಮ್ಮಲ್ಲಿ ರೌಟರಿನ ಉತ್ತರ ಬರಲು 5 ಮಿಲಿಸೆಕೆಂಡ್ ಇದ್ದದ್ದು ಮಿಕ್ಸರ್ ಹಚ್ಚಿದೊಡನೆ 200 ದಾಟಿತು, ನಡುನಡುವೆ ಉತ್ತರವೇ ಬರಲಿಲ್ಲ. ಮಿಕ್ಸರನ್ನು ದೂರದ ಬೇರೆ ಪಾಯಿಂಟಿಗೆ ಬದಲಿಸಿದ ಮೇಲೆ ತರಗತಿ ನಡೆಯಿತು. ಗದ್ದಲ ತಂತಿಯ ಉದ್ದಕ್ಕೆ ತಕ್ಕಂತೆ ಸವೆಯುತ್ತದೆ.

ಗೋಡೆಯೊಳಗಿನ ಜೋಡಣೆ

ನನಗೆ ಬಹಳ ನೋವು ಕೊಟ್ಟ ಭಾಗ ಇದು. 34ರ ಮೇಲೆ ವೇಗ ಏರಲೇ ಇಲ್ಲ, ಮಳೆಗಾಲದಲ್ಲಿ ಇನ್ನೂ ಇಳಿಯಿತು. ಎಲೆಕ್ಟ್ರಿಷಿಯನ್ ಮೂಲೆಯ ಜಂಕ್ಷನ್ ಬಾಕ್ಸ್ ಬಿಚ್ಚಿದರು: ತಂತಿಯ ತುದಿಗಳನ್ನು ಬರಿಗೈಯಲ್ಲಿ ಹೊಸೆದು ಟೇಪ್ ಸುತ್ತಿದ್ದರು, ಟೇಪ್ ಕರಿದಾಗಿ ಗಟ್ಟಿಯಾಗಿತ್ತು, ತಾಮ್ರಕ್ಕೆ ಹಸಿರು ಹಿಡಿದಿತ್ತು. ಬಲ್ಬು ಉರಿಯಲು ಅಷ್ಟು ಸಾಕು. ವೇಗದ ಸಂಕೇತ ಮಾತ್ರ ಸಡಿಲ ಜೋಡಣೆಗೆ ಬಡಿದು ಸ್ವಲ್ಪ ಹಿಂದಕ್ಕೆ ಹೊರಳುತ್ತದೆ, ಸ್ವಲ್ಪ ಅಲ್ಲಿಯೇ ಕರಗುತ್ತದೆ. ಹೊಸ ಕನೆಕ್ಟರ್ ಹಾಕಿಸಿದ ಮೇಲೆ 60ರ ಹತ್ತಿರ ಬಂತು. ಬಾಕ್ಸನ್ನು ನೀವೇ ಬಿಚ್ಚಬೇಡಿ. ಮನೆ ಮಾಲೀಕರಿಗೆ ಇಂಟರ್‌ನೆಟ್ ಹೆಸರು ಹೇಳಬೇಡಿ, ಸಡಿಲ ಜೋಡಣೆ ಬಿಸಿಯಾಗಿ ಬೆಂಕಿ ಹತ್ತಬಹುದು ಎಂದು ಹೇಳಿ. ಅದು ನಿಜವೂ ಹೌದು, ಅವರು ಬೇಗ ಒಪ್ಪುತ್ತಾರೆ.

ಫೇಸ್ ಮತ್ತು ಇನ್ವರ್ಟರ್

- ಒಂದು ಫೇಸ್ ಹೋದಾಗ ಅರ್ಧ ಮನೆಯಷ್ಟೇ ಕತ್ತಲಾದರೆ ನಿಮ್ಮದು ಮೂರು ಫೇಸಿನ ಮನೆ. ಆಗ ಒಂದು ಅಡಾಪ್ಟರ್ ಕತ್ತಲಲ್ಲಿ, ಇನ್ನೊಂದು ಬೆಳಕಿನಲ್ಲಿ ಉಳಿದರೆ ಅವು ಬೇರೆ ಬೇರೆ ಫೇಸಿನಲ್ಲಿವೆ: ಕರೆಂಟು ಇರುವಾಗಲೂ ಸಂಕೇತ ಫೇಸಿನಿಂದ ಫೇಸಿಗೆ ಹಾರಬೇಕು, ಬಹಳ ಕುಗ್ಗುತ್ತದೆ. ಎರಡನ್ನೂ ಒಂದೇ ಫೇಸಿನ ಪಾಯಿಂಟಿಗೆ ಹಾಕಿ.
- ಒಂದನ್ನು ಇನ್ವರ್ಟರ್ ಲೈನಿಗೆ, ಇನ್ನೊಂದನ್ನು ನೇರ ಲೈನಿಗೆ ಹಾಕಬೇಡಿ. ಕರೆಂಟು ಹೋದಾಗ ಒಂದು ಆರುತ್ತದೆ. ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿದರೂ ಅದು ಓಡುವಾಗ ಅದರದೇ ಗದ್ದಲ ಸೇರುತ್ತದೆ.

ಇಷ್ಟಾದರೂ 20 ದಾಟದಿದ್ದರೆ ಅಡಾಪ್ಟರ್ ಅಂಗಡಿಗೆ ಹಿಂದಿರುಗಿಸಿ, ಮಾಲೀಕರನ್ನು ಕೇಳಿ ಮಾಡಿನ ಅಂಚಿನಲ್ಲಿ ಕ್ಯಾಟ್ 6 ಕೇಬಲ್ ಎಳೆಸಿ. ನಮ್ಮ ಸಂಘದಲ್ಲಿ ಡ್ರಿಲ್ ಇದೆ, ಏಣಿ ಇದೆ. ಭಾನುವಾರ ಬೆಳಿಗ್ಗೆ ಬಂದು ಕೇಳಿದರೆ ನಮ್ಮ ಹುಡುಗರು ಜೊತೆಗೆ ಬರುತ್ತಾರೆ.