ತೊಳೆದ ಮೊಟ್ಟೆ ಫ್ರಿಜ್‌ಗೆ, ತೊಳೆಯದ ಮೊಟ್ಟೆ ಬುಟ್ಟಿಗೆ

ಮೊಟ್ಟೆಯನ್ನು ಫ್ರಿಜ್‌ನಲ್ಲಿ ಇಡಲೇಬೇಕಾ, ಹೊರಗಿಟ್ಟರೂ ನಡೆಯುತ್ತಾ ಎಂದು ಹೊಸದಾಗಿ ಸಂಸಾರ ಹೂಡಿದ ಮಕ್ಕಳು ನನ್ನನ್ನು ಆಗಾಗ ಕೇಳುತ್ತಾರೆ. ನಾನು ಅವರನ್ನು ತಿರುಗಿ ಕೇಳುವುದು ಒಂದೇ: ಆ ಮೊಟ್ಟೆ ನೀರು ಕಂಡಿದೆಯಾ? ಇದಕ್ಕೆ ಉತ್ತರ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಉಳಿದ ಅರ್ಧವನ್ನು ನಿಮ್ಮ ಊರಿನ ಬಿಸಿಲು ತೀರ್ಮಾನ ಮಾಡುತ್ತದೆ.

ಕೋಳಿ ಆಗ ತಾನೇ ಇಟ್ಟ ಮೊಟ್ಟೆಯನ್ನು ಕೈಗೆ ತೆಗೆದುಕೊಂಡು ನೋಡಿದ್ದೀರಾ? ಬೆಚ್ಚಗಿರುತ್ತದೆ, ಮೇಲೆ ಒದ್ದೆ ಇರುತ್ತದೆ. ಸ್ವಲ್ಪ ಹೊತ್ತಿಗೆ ಆ ಒದ್ದೆ ಆರುತ್ತದೆ. ಅದು ನೀರಲ್ಲ. ಮೊಟ್ಟೆ ಹೊರಗೆ ಬರುವ ಕೊನೆಯ ಹಂತದಲ್ಲಿ ಕೋಳಿಯ ಮೈಯೇ ಅದಕ್ಕೆ ಬಳಿಯುವ ಲೇಪ. ಹೆಚ್ಚಿನ ಪಾಲು ಪ್ರೋಟೀನು. ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಇದ್ದರೆ ಹೆಚ್ಚು. ಇಂಗ್ಲಿಷ್‌ನವರು ಇದನ್ನು ಬ್ಲೂಮ್ ಅಥವಾ ಕ್ಯೂಟಿಕಲ್ ಅನ್ನುತ್ತಾರೆ. ಕಂದು ಬಣ್ಣದ ನಾಟಿ ಮೊಟ್ಟೆಯಲ್ಲಿ ಕೆಲವೊಮ್ಮೆ ಇದು ಕಣ್ಣಿಗೇ ಕಾಣುತ್ತದೆ, ಕಪ್ಪು ದ್ರಾಕ್ಷಿಯ ಮೇಲಿನ ಬೂದಿಬಣ್ಣದ ಪುಡಿಯಂತೆ. ಅಂಥ ಮೊಟ್ಟೆಯನ್ನು ನೀರಿನಲ್ಲಿ ಉಜ್ಜಿದರೆ ಆ ಮಂಕು ಹೋಗಿ ಬಣ್ಣ ಗಾಢವಾಗುತ್ತದೆ. ಚೊಕ್ಕಟವಾಯಿತು ಅಂದುಕೊಳ್ಳುತ್ತೇವೆ, ಆದರೆ ಹೋಗಿದ್ದು ಅದರ ಕಾವಲು.

ಕಾವಲು ಯಾಕೆ ಬೇಕು? ಮೊಟ್ಟೆಯ ಚಿಪ್ಪು ನೋಡಲು ಗಟ್ಟಿ ಗೋಡೆ ಇದ್ದಂತೆ ಕಂಡರೂ ಅದರ ತುಂಬ ಸಣ್ಣ ತೂತುಗಳಿವೆ. ಒಂದು ಮೊಟ್ಟೆಯಲ್ಲಿ ಸುಮಾರು 7,000ದಿಂದ 17,000ದವರೆಗೆ ಎಂದು ಲೆಕ್ಕ ಹೇಳುತ್ತಾರೆ. ಒಳಗಿನ ಮರಿ ಉಸಿರಾಡಬೇಕಲ್ಲ, ಅದಕ್ಕೇ ಈ ತೂತುಗಳು. ಆದರೆ ಗಾಳಿ ಹೋಗುವ ದಾರಿಯಲ್ಲಿ ಕ್ರಿಮಿಯೂ ಹೋಗಬಹುದು, ಒಳಗಿನ ನೀರಿನಂಶವೂ ಹೊರಗೆ ಬರಬಹುದು. ಈ ಲೇಪ ಆ ತೂತುಗಳ ಬಾಯಿಗೆ ಕೂತು ಗಾಳಿಯನ್ನು ಮಾತ್ರ ಸ್ವಲ್ಪ ಸ್ವಲ್ಪ ಬಿಡುತ್ತದೆ.

ಕೋಳಿಯ ಲೆಕ್ಕಾಚಾರವನ್ನೇ ನೋಡಿ. ನಾಟಿ ಕೋಳಿ ಕುಕ್ಕೆಯಲ್ಲಿ ಇವತ್ತೊಂದು ಮೊಟ್ಟೆ ಇಡುತ್ತದೆ, ಎದ್ದು ಮೇಯಲು ಹೋಗುತ್ತದೆ. ನಾಳೆಯೋ ನಾಡಿದ್ದೋ ಇನ್ನೊಂದು. ಹೀಗೆ ಹತ್ತು ಹನ್ನೆರಡು ಆದ ಮೇಲೆ ಕಾವಿಗೆ ಕೂರುತ್ತದೆ. ಅಂದರೆ ಮೊದಲ ಮೊಟ್ಟೆ ಹತ್ತು ಹದಿನೈದು ದಿನ ಹೊರಗೇ ಬಿದ್ದಿರುತ್ತದೆ. ಆಮೇಲೆ 21 ದಿನ ಕೋಳಿಯ ಮೈಬಿಸಿಯಲ್ಲಿ ಇರುತ್ತದೆ. ಇಷ್ಟಾದರೂ ಕೊಳೆಯದೆ ಮರಿಯಾಗುತ್ತದೆ. ಮೇಲೆ ಈ ಲೇಪ, ಒಳಗೆ ಕ್ರಿಮಿಗಳನ್ನು ತಡೆಯುವ ಬಿಳಿಭಾಗ, ಎರಡೂ ಸೇರಿ ಇದನ್ನು ಮಾಡುತ್ತವೆ. ನಮ್ಮ ಹಿರಿಯರು ಫ್ರಿಜ್ ಇಲ್ಲದೆ ರಾಗಿಯೊಳಗೋ ಭತ್ತದ ಹೊಟ್ಟಿನೊಳಗೋ ಮೊಟ್ಟೆ ಹೂತಿಡುತ್ತಿದ್ದರು. ಅದೂ ಇದೇ ಧೈರ್ಯದ ಮೇಲೆ. ಹಾಗೆ ಇಟ್ಟರೆ ಒಂದಕ್ಕೊಂದು ತಾಗಿ ಒಡೆಯುವುದಿಲ್ಲ, ಬಿಸಿ ಏರಿಳಿಯುವುದೂ ಕಡಿಮೆ. ಈಗಲೂ ಹಾಗೆ ಇಡಬಹುದು. ಆದರೆ ತಿನ್ನುವ ರಾಗಿಯಲ್ಲಿ ಬೇಡ, ಬೇರೆ ಡಬ್ಬದಲ್ಲಿ ಹೊಟ್ಟು ಹಾಕಿ ಇಡಿ.

ಈಗ ತೊಳೆಯುವ ವಿಷಯಕ್ಕೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲೇ. ಕೊರೋನಾ ಕಾಲದಿಂದ ಎಷ್ಟೋ ಮನೆಗಳಲ್ಲಿ ಒಂದು ಅಭ್ಯಾಸ ಬಂದಿದೆ. ಅಂಗಡಿಯಿಂದ ಮೊಟ್ಟೆ ತಂದ ಕೂಡಲೇ ನಲ್ಲಿ ಕೆಳಗೆ ಹಿಡಿದು, ಸೋಪು ಹಾಕಿ ತೊಳೆದು, ಒರೆಸಿ ಇಡುವುದು. ಇದರಲ್ಲಿ ಎರಡು ತೊಂದರೆ ಇದೆ. ಒಂದು, ಲೇಪ ಹೋಗುತ್ತದೆ. ಎರಡನೆಯದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬೆಚ್ಚಗಿನ ಮೊಟ್ಟೆಗೆ ತಣ್ಣೀರು ತಾಗಿದರೆ ಒಳಗಿನ ದ್ರವ ಕುಗ್ಗುತ್ತದೆ. ಕುಗ್ಗಿದಾಗ ತೂತುಗಳ ಮೂಲಕ ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಚಿಪ್ಪಿನ ಮೇಲೆ ಇದ್ದ ಹಿಕ್ಕೆಯ ಕೊಳಕು ನೀರಿನ ಜೊತೆ ಒಳಗೆ ಹೋಗಲು ನಾವೇ ದಾರಿ ಮಾಡಿಕೊಟ್ಟ ಹಾಗಾಯಿತು ಅಲ್ವಾ?

ಅಮೆರಿಕದಲ್ಲಿರುವ ನಮ್ಮ ಹುಡುಗರು ಕೇಳುತ್ತಾರೆ, "ಇಲ್ಲಿ ಅಂಗಡಿಯಲ್ಲೇ ಫ್ರಿಜ್‌ನಲ್ಲಿ ಇಟ್ಟಿರ್ತಾರೆ, ನೀವು ಬುಟ್ಟಿಯಲ್ಲಿ ಇಡ್ತೀರಲ್ಲ, ಯಾಕೆ?" ಕಾರಣ ಇದೇ. ಅಲ್ಲಿ ಅಂಗಡಿಗೆ ಬರುವ ಮೊಟ್ಟೆಯನ್ನು ಕಾರ್ಖಾನೆಯಲ್ಲಿ ತೊಳೆದೇ ಕಳಿಸುತ್ತಾರೆ. ಅದಕ್ಕೂ ಕ್ರಮ ಇದೆ: ನೀರು ಕನಿಷ್ಠ 32 ಡಿಗ್ರಿ ಬಿಸಿ ಇರಬೇಕು, ಮೊಟ್ಟೆಗಿಂತ ಸುಮಾರು 11 ಡಿಗ್ರಿಯಾದರೂ ಹೆಚ್ಚು ಬಿಸಿ ಇರಬೇಕು. ಒಳಕ್ಕೆ ಎಳೆಯಬಾರದು ಎಂದೇ ಈ ಎಚ್ಚರಿಕೆ. ಲೇಪ ಹೋದ ಮೇಲೆ ಮೊಟ್ಟೆಯನ್ನು 7 ಡಿಗ್ರಿಯ ಆಸುಪಾಸಿನ ತಂಪಿನಲ್ಲೇ ಇಡಬೇಕು. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಅಂಗಡಿಗೆ ಬರುವ ಒಳ್ಳೆ ದರ್ಜೆಯ ಮೊಟ್ಟೆಯನ್ನು ತೊಳೆಯುವ ಹಾಗಿಲ್ಲ, ಮಾರುವ ತನಕ ಫ್ರಿಜ್ಜಿನ ಚಳಿಯಲ್ಲೂ ಇಡುವುದಿಲ್ಲ. ಎರಡೂ ಕಡೆಯವರು ಸರಿ. ತೊಳೆದವರು ತಂಪು ಮಾಡುತ್ತಾರೆ, ತೊಳೆಯದವರು ಲೇಪವನ್ನು ನಂಬುತ್ತಾರೆ. ತೊಳೆದೂ ಹೊರಗೇ ಇಡುವುದು ಮಾತ್ರ ತಪ್ಪು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಆಗುತ್ತಿರುವುದು ಅದೇ.

ಹಾಗಾದರೆ ಕೊಳಕು ಮೊಟ್ಟೆಯನ್ನು ಏನು ಮಾಡುವುದು? ಒಣಗಿದ ಹಿಕ್ಕೆ, ಹುಲ್ಲು ಅಂಟಿದ್ದರೆ ಒಣ ಬಟ್ಟೆಯಿಂದಲೋ ಗಡುಸು ಬ್ರಷ್‌ನಿಂದಲೋ ಆ ಜಾಗವನ್ನಷ್ಟೇ ಮೆಲ್ಲಗೆ ಉಜ್ಜಿ ತೆಗೆಯಿರಿ. ತೀರಾ ಗಲೀಜಾಗಿದ್ದರೆ ಉಗುರುಬೆಚ್ಚಗಿನದಕ್ಕಿಂತ ಸ್ವಲ್ಪ ಹೆಚ್ಚು ಬಿಸಿ ನೀರಲ್ಲಿ ಬೇಗ ತೊಳೆಯಿರಿ. ನೆನೆಹಾಕಬೇಡಿ. ಒರೆಸಿ, ಆರಿಸಿ, ಫ್ರಿಜ್‌ನಲ್ಲಿಟ್ಟು ಮೊದಲು ಅದನ್ನೇ ಬೇಯಿಸಿ ಮುಗಿಸಿ. ಬಿರುಕು ಬಿಟ್ಟಿದ್ದನ್ನು ಇಡುವ ಯೋಚನೆಯೇ ಬೇಡ. ನಿಮ್ಮ ಕೈಯಲ್ಲೇ ಈಗ ಬಿರುಕು ಬಿಟ್ಟಿದ್ದರೆ ಕೂಡಲೇ ಪೂರ್ತಿ ಬೇಯಿಸಿ. ಯಾವಾಗ ಬಿಟ್ಟಿತೋ ಗೊತ್ತಿಲ್ಲದಿದ್ದರೆ ಎಸೆದುಬಿಡಿ.

ಲೇಪ ಇದೆ ಎಂದು ಎಲ್ಲವನ್ನೂ ಅದರ ಮೇಲೆ ಬಿಡಬೇಡಿ. ಇದಕ್ಕೂ ಮಿತಿ ಇದೆ. ದಿನ ಕಳೆದಂತೆ ಅದು ಒಣಗಿ ಬಿರಿಯುತ್ತದೆ. ವಯಸ್ಸಾದ ಕೋಳಿಯ ಮೊಟ್ಟೆಗೆ ಲೇಪ ಸಾಮಾನ್ಯವಾಗಿ ತೆಳ್ಳಗೆ. ಇನ್ನೂ ಮುಖ್ಯವಾದದ್ದು ಸಾಲ್ಮೊನೆಲ್ಲ ಅನ್ನುವ ಕ್ರಿಮಿ. ಅದರಲ್ಲಿ ಒಂದು ಬಗೆ ಕೋಳಿಯ ಹೊಟ್ಟೆಯೊಳಗೇ, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಗೆ ಸೇರಬಲ್ಲದು. ಅದನ್ನು ಹೊರಗಿನ ಲೇಪ ಹೇಗೆ ತಡೆಯುತ್ತದೆ? ತಡೆಯುವುದಿಲ್ಲ. ಅಂಥ ಮೊಟ್ಟೆ ಅಪರೂಪ. ಆದರೆ ಬಿಸಿಯಲ್ಲಿ ಇಟ್ಟಷ್ಟೂ ಹಳದಿಯ ಸುತ್ತಲಿನ ತೆಳು ಪೊರೆ ಸಡಿಲವಾಗಿ, ಒಳಗಿನ ಸತ್ವ ಬಿಳಿಭಾಗಕ್ಕೆ ಇಳಿಯುತ್ತದೆ. ಅದನ್ನು ತಿಂದು ಆ ಕ್ರಿಮಿ ಬೇಗ ಹೆಚ್ಚುತ್ತದೆ. ತಂಪಿನಲ್ಲಿ ಇದೆಲ್ಲ ನಿಧಾನ. ಮನೆಯಲ್ಲಿ ಬಸುರಿ, ಎಳೆ ಮಗು, ವಯಸ್ಸಾದವರು, ಕಾಯಿಲೆಯವರು ಇದ್ದರೆ ಮೊಟ್ಟೆ ಎಲ್ಲಿ ಇಟ್ಟಿದ್ದರೂ ಹಾಫ್ ಬಾಯಿಲ್ ಬೇಡ, ಹಳದಿ ಗಟ್ಟಿಯಾಗುವ ತನಕ ಬೇಯಿಸಿ. ಬಾಣಂತಿಗೆ ಹಸಿ ಮೊಟ್ಟೆ ಕುಡಿಸುವವರಿಗೂ ಇದನ್ನೇ ಹೇಳುತ್ತೇನೆ. ಬೇಯಿಸಿ ಕೊಟ್ಟರೆ ಮೊಟ್ಟೆಯ ಪ್ರೋಟೀನು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಇನ್ನು ಊರಿನ ಬಿಸಿಲು. ಮನೆಯ ಕೋಳಿ ಇಟ್ಟ, ತೊಳೆಯದ, ಬಿರುಕಿಲ್ಲದ ಮೊಟ್ಟೆಯನ್ನು ಮಲೆನಾಡಿನಲ್ಲೋ ಮೈಸೂರು, ಬೆಂಗಳೂರಿನ ಚಳಿಗಾಲದಲ್ಲೋ ನೆರಳಿನ ಮೂಲೆಯ ಬುಟ್ಟಿಯಲ್ಲಿ ಒಂದೂವರೆ, ಎರಡು ವಾರ ಇಟ್ಟುಕೊಳ್ಳಲು ನಾನು ಹಿಂಜರಿಯುವುದಿಲ್ಲ. ಅದೇ ಮೊಟ್ಟೆ ಏಪ್ರಿಲ್‌ನಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಇದ್ದರೆ ಮೂರು ನಾಲ್ಕು ದಿನಕ್ಕೆ ಮುಗಿಸಿ, ಇಲ್ಲವೇ ಫ್ರಿಜ್‌ಗೆ ಹಾಕಿ. ಹುಂಜ ಇರುವ ಮನೆಯವರಿಗೆ ಇನ್ನೊಂದು ಮಾತು. ಆ ಮೊಟ್ಟೆಯಲ್ಲಿ ಮರಿಯಾಗುವ ಜೀವ ಇರುತ್ತದೆ. ಕೋಣೆಯ ಬಿಸಿ 30 ಡಿಗ್ರಿ ದಾಟಿ ಕೆಲವು ದಿನ ಹಾಗೇ ಇದ್ದರೆ, ಕೋಳಿ ಕಾವಿಗೆ ಕೂರದಿದ್ದರೂ ಒಳಗೆ ಬೆಳವಣಿಗೆ ಶುರುವಾಗಬಹುದು. ಒಡೆದಾಗ ಹಳದಿಯ ಮೇಲೆ ರಕ್ತದ ಎಳೆಗಳು ಬಲೆಯ ಹಾಗೆ ಕಂಡರೆ ಅದೇ ಇದು. ಸುಮ್ನೆ ಒಂದು ಚುಕ್ಕೆ ರಕ್ತ ಇದ್ದರೆ ಬೇರೆ, ಫಾರಂ ಮೊಟ್ಟೆಯಲ್ಲೂ ಅದು ಇರಬಹುದು, ತೊಂದರೆ ಇಲ್ಲ.

ಅಂಗಡಿ ಮೊಟ್ಟೆಯಲ್ಲಿ ಲೆಕ್ಕ ಬೇರೆ, ಯಾಕೆಂದರೆ ಅದು ಹುಟ್ಟಿದ ದಿನ ನಮಗೆ ಗೊತ್ತಿಲ್ಲ. ಫಾರಂನಿಂದ ಲಾರಿ, ಲಾರಿಯಿಂದ ಸಗಟು ಅಂಗಡಿ, ಅಲ್ಲಿಂದ ನಮ್ಮ ಬೀದಿಯ ಅಂಗಡಿ. ಎಷ್ಟು ದಿನ ಬಿಸಿಯಲ್ಲಿತ್ತೋ ಹೇಳಲಾಗದು. ನಾಲ್ಕು ಜನರ ಮನೆ, ಮೇ ತಿಂಗಳು, 30 ಮೊಟ್ಟೆಯ ಒಂದು ಟ್ರೇ ತಂದಿದ್ದೀರಿ ಅನ್ನಿ. ಒಂದೊಂದಾಗಿ ನೋಡಿ ಬಿರುಕಿನದನ್ನು ಬೇರೆ ಮಾಡಿ. ಉಳಿದದ್ದನ್ನು ತೊಳೆಯದೆ, ಚೂಪು ತುದಿ ಕೆಳಗೆ ಮಾಡಿ ಮುಚ್ಚಳದ ಡಬ್ಬಕ್ಕೆ ಹಾಕಿ. ಗಾಳಿಯ ಗುಳ್ಳೆ ಮೊಂಡು ತುದಿಯಲ್ಲಿ ಇರುತ್ತದೆ, ಅದು ಮೇಲಿದ್ದರೆ ಹಳದಿ ನಡುವೆ ನಿಲ್ಲುತ್ತದೆ. ಮುಚ್ಚಳ ಬೇಕು, ಚಿಪ್ಪಿನ ಕೊಳಕು ಸೊಪ್ಪು ತರಕಾರಿಗೆ ತಾಗಬಾರದು. ಡಬ್ಬವನ್ನು ಫ್ರಿಜ್ ಬಾಗಿಲಿನಲ್ಲಿ ಇಡಬೇಡಿ, ತೆಗೆದಾಗೆಲ್ಲ ಅಲ್ಲಿ ಬಿಸಿಗಾಳಿ ಹೊಡೆಯುತ್ತದೆ. ಒಳಗಿನ ಅಂಕಣದಲ್ಲಿ ಇಡಿ. ಹೀಗೆ ಇಟ್ಟರೆ ಮೂರು ವಾರ ಧಾರಾಳವಾಗಿ ಬರುತ್ತದೆ. ತೊಳೆಯುವುದೇ ಆದರೆ ಒಡೆಯುವ ಮುಂಚೆ ತೊಳೆಯಿರಿ. ಮುಟ್ಟಿದ ಕೈಯನ್ನು ಮಾತ್ರ ಪ್ರತಿ ಸಲ ಸೋಪು ಹಾಕಿ ತೊಳೆಯಿರಿ. ಸೂಪರ್ ಮಾರ್ಕೆಟ್‌ನಲ್ಲಿ ಡಬ್ಬದಲ್ಲಿ ಬರುವ ಮೊಟ್ಟೆಯ ಮೇಲೆ ತೊಳೆದಿದ್ದು, ಶುಚಿ ಮಾಡಿದ್ದು ಎಂದು ಬರೆದಿದ್ದರೆ ಅದನ್ನು ಚಳಿಗಾಲದಲ್ಲೂ ಹೊರಗೆ ಇಡಬೇಡಿ.

ಒಂದು ಸಲ ಫ್ರಿಜ್ ಸೇರಿದ ಮೊಟ್ಟೆ ಅಲ್ಲೇ ಇರಲಿ. ಹೊರಗೆ ತೆಗೆದರೆ ಬೆವರುತ್ತದೆ, ಚಿಪ್ಪಿನ ಮೇಲೆ ಹನಿ ಕೂರುತ್ತದೆ. ಆ ಒದ್ದೆಯಲ್ಲಿ ಕ್ರಿಮಿ ಓಡಾಡುತ್ತದೆ, ಬೂಷ್ಟೂ ಹಿಡಿಯುತ್ತದೆ. ಕೇಕ್ ಮಾಡಲು ಅರ್ಧ ಗಂಟೆ ಮೊದಲು ತೆಗೆದಿಟ್ಟರೆ ಪರವಾಗಿಲ್ಲ, ಮತ್ತೆ ಒಳಗೆ ಇಡಬೇಡಿ.

ನೀರಿನಲ್ಲಿ ಹಾಕಿ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಮಲಗಿದರೆ ಹೊಸದು, ನಿಂತರೆ ಹಳೆಯದು, ತೇಲಿದರೆ ತುಂಬ ಹಳೆಯದು. ಒಳಗಿನ ನೀರಿನಂಶ ತೂತುಗಳಿಂದ ಹೋಗಿ ಗಾಳಿಯ ಗುಳ್ಳೆ ದೊಡ್ಡದಾಗಿದ್ದಕ್ಕೆ ತೇಲುತ್ತದೆ. ಇದು ವಯಸ್ಸನ್ನು ಹೇಳುತ್ತದೆಯೇ ಹೊರತು ಕ್ರಿಮಿ ಇದೆಯೋ ಇಲ್ಲವೋ ಹೇಳುವುದಿಲ್ಲ. ನೋಡಿದ ಮೇಲೆ ಮೊಟ್ಟೆ ಒದ್ದೆಯಾಯಿತಲ್ಲ, ಅವತ್ತೇ ಬಳಸಿ. ಇಡೀ ಟ್ರೇಯನ್ನು ಬಕೆಟ್‌ನಲ್ಲಿ ಮುಳುಗಿಸಿ ನೋಡಿ ಮತ್ತೆ ಬುಟ್ಟಿಗೆ ಹಾಕುವುದು ಬೇಡ. ಅದಕ್ಕಿಂತ ಒಂದೊಂದನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು, ನೋಡಿ, ಮೂಸಿ, ಆಮೇಲೆ ಪಾತ್ರೆಗೆ ಸುರಿಯಿರಿ. ಕೊಳೆತಿದ್ದರೆ ಮೂಗೇ ಹೇಳುತ್ತದೆ.

ಬೇಯಿಸಿದ ಮೊಟ್ಟೆ ಜಾಸ್ತಿ ದಿನ ಬರುತ್ತದೆ ಎಂದು ಕೆಲವರು ನಂಬಿದ್ದಾರೆ. ಹಾಗಲ್ಲ. ಕುದಿನೀರಿನಲ್ಲಿ ಲೇಪ ಉಳಿಯುವುದಿಲ್ಲ, ಬಿಳಿಭಾಗಕ್ಕೆ ಕ್ರಿಮಿ ತಡೆಯುವ ಶಕ್ತಿಯೂ ಹೋಗಿರುತ್ತದೆ. ಬೇಯಿಸಿ ಎರಡು ಗಂಟೆಯೊಳಗೆ ತಿನ್ನಿ, ಇಲ್ಲವೇ ಸುಲಿಯದೆ ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಬೆಳಗ್ಗೆ ಮಕ್ಕಳ ಡಬ್ಬಿಗೆ ಹಾಕಿದ ಮೊಟ್ಟೆ ಸಂಜೆ ಹಾಗೇ ವಾಪಸ್ ಬಂದರೆ ಅದನ್ನು ಬಿಸಾಡಿ.